ಕೊಡಲಿ ನನ್ನದಲ್ಲ: ಮಕ್ಕಳಿಗೊಂದು ಸುಲಭ ಫ್ರೆಂಚ್ ಕಥೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯೋಪಾಧ್ಯಾಯರು ನನಗೆ ಫೋನ್ ಮಾಡಿ, "ನೀವು ಬೆಂಗಳೂರಿನಲ್ಲಿ ಮಕ್ಕಳಿಗೆ ಫ್ರೆಂಚ್ ಕಲಿಸುತ್ತೀರಿ ಅಂತ ಗೊತ್ತುಂಟು, ಅದರ ಬಗ್ಗೆ ಏನಾದರೂ ಹೇಳಿ" ಎಂದರು. ನಮ್ಮ ಊರಿನಲ್ಲಿ ಫ್ರೆಂಚ್ ಯಾರಿಗೆ ಬೇಕು ಎಂದು ಕೇಳುವವರು ಇರಬಹುದು. ಪಿಯುಸಿಯಲ್ಲಿ ಭಾಷಾ ವಿಷಯವಾಗಿ ಫ್ರೆಂಚ್ ತೆಗೆದುಕೊಳ್ಳುವ ಅವಕಾಶ ನಮ್ಮ ರಾಜ್ಯದಲ್ಲಿ ಉಂಟು, ಅಷ್ಟು ಹೇಳಿ ಆ ಪ್ರಶ್ನೆಯನ್ನು ಬಿಡುತ್ತೇನೆ. ಭಾಷೆಯ ಉಪಯೋಗದ ಮೇಲೆ ಭಾಷಣ ಮಾಡುವುದಕ್ಕಿಂತ ಒಂದು ಕಥೆ ಹೇಳುವುದು ಒಳ್ಳೆಯದು. ಅದು ನಿಮಗೆಲ್ಲ ಗೊತ್ತಿರುವ ಕಥೆಯೇ. ಮರ ಕಡಿಯುವವನ ಕೊಡಲಿ ಹೊಳೆಗೆ ಬಿದ್ದ ಕಥೆ. ಅದನ್ನು ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗೆ ಅರ್ಥವಾಗುವ ಫ್ರೆಂಚಿನಲ್ಲಿ ಹೇಗೆ ಬರೆಯುವುದು, ಬರೆಯುವಾಗ ಏನೇನು ಎದುರಾಗುತ್ತದೆ, ಇಷ್ಟೇ ನನ್ನ ಮಾತು.

ಈ ಕಥೆ ಮೊದಲು ಗ್ರೀಕರದು, ಈಸೋಪನ ಹೆಸರಿನಲ್ಲಿ ಬಂದದ್ದು. ಫ್ರೆಂಚಿನಲ್ಲಿ ಇದನ್ನು ಮನೆಮಾತು ಮಾಡಿದವನು ಲಾ ಫೊಂತೇನ್ ಎಂಬ ಕವಿ. 1621ರಲ್ಲಿ ಹುಟ್ಟಿ 1695ರಲ್ಲಿ ತೀರಿಕೊಂಡವನು. 1668ರಲ್ಲಿ ಅವನ ನೀತಿಕಥೆಗಳ ಮೊದಲ ಸಂಕಲನ ಬಂತು. ಅದನ್ನು ಅವನು ಅರ್ಪಿಸಿದ್ದು ರಾಜ ಹದಿನಾಲ್ಕನೆಯ ಲೂಯಿಯ ಮಗನಿಗೆ. ಆ ಹುಡುಗನಿಗೆ ಆಗ ಆರು ವರ್ಷ, ನಮ್ಮ ಒಂದನೇ ಕ್ಲಾಸಿನ ಪ್ರಾಯ. ಆ ಸಂಕಲನದ ಐದನೆಯ ಭಾಗದ ಮೊದಲ ಕಥೆಯೇ ಈ ಕೊಡಲಿಯ ಕಥೆ.

ಲಾ ಫೊಂತೇನನ ಉದ್ಯೋಗ ಏನು ಗೊತ್ತೇ? ಅವನು ತನ್ನ ಊರಾದ ಶಾತೋ ತಿಯೆರ್ರಿಯಲ್ಲಿ ನೀರು ಮತ್ತು ಕಾಡಿನ ಅಧಿಕಾರಿ. ಕಾಡಿನಲ್ಲಿ ಯಾರು ಮರ ಕಡಿಯಬಹುದು, ಹೊಳೆಯಲ್ಲಿ ಯಾರು ಮೀನು ಹಿಡಿಯಬಹುದು ಎಂದು ನೋಡಿಕೊಳ್ಳುವ ಹುದ್ದೆ. ಅವನ ತಂದೆಯದೂ ಅಂಥದ್ದೇ ಹುದ್ದೆ. ನಮ್ಮ ಲೆಕ್ಕದಲ್ಲಿ ಒಬ್ಬ ರೇಂಜರ್ ಅಂದುಕೊಳ್ಳಿ. ಮರ ಕಡಿಯುವವನ ಕಥೆಯನ್ನು ಫಾರೆಸ್ಟ್ ಆಫೀಸಿನವನು ಬರೆದದ್ದು ಎಂದರೆ ಸುಬ್ರಹ್ಮಣ್ಯದ ಕಡೆಯವರಿಗೆ ನಗು ಬರುತ್ತದೆ. ಆದರೆ ಅವನು ಮರ ಕಡಿಯುವವನ ಪರವಾಗಿಯೇ ಬರೆದ. ಕೊಡಲಿ ಹೋದರೆ ಆ ಮನುಷ್ಯನ ಅನ್ನವೇ ಹೋಯಿತು ಎಂಬುದನ್ನು ಕಥೆಯ ಶುರುವಿನಲ್ಲೇ ಹೇಳುತ್ತಾನೆ. ಅವನ ಬಳಿ ಬೇರೆ ಹತಾರು ಇಲ್ಲ, ಮಾರಿ ಇನ್ನೊಂದು ಕೊಳ್ಳಲು ಆಸ್ತಿಯೂ ಇಲ್ಲ. ಇದು ಗೊತ್ತಿದ್ದರೆ ಮಾತ್ರ ಮುಂದೆ ಅವನು ಚಿನ್ನದ ಕೊಡಲಿಯನ್ನು ಬೇಡ ಅಂದದ್ದಕ್ಕೆ ತೂಕ ಬರುತ್ತದೆ.

ಲಾ ಫೊಂತೇನನ ಕಥೆಯಲ್ಲಿ ಕೊಡಲಿ ಹೊಳೆಗೆ ಬೀಳುವುದಿಲ್ಲ, ಎಲ್ಲೋ ಕಳೆದುಹೋಗುತ್ತದೆ. ಬಂದು ಕೇಳುವವನು ಮರ್ಕ್ಯೂರಿ ಎಂಬ ದೇವತೆ. ಮೊದಲು ಚಿನ್ನದ್ದು, ಆಮೇಲೆ ಬೆಳ್ಳಿಯದ್ದು, ಕೊನೆಗೆ ಮರದ ಕಾವಿನ ಸಾದಾ ಕೊಡಲಿ. ಅವನು ತನ್ನದನ್ನು ಮಾತ್ರ ತನ್ನದು ಅನ್ನುತ್ತಾನೆ, ಮೂರೂ ಸಿಗುತ್ತವೆ. ಸುದ್ದಿ ಹಬ್ಬುತ್ತದೆ. ಊರಿನ ಮರಕಡಿಯುವವರೆಲ್ಲ ಬೇಕೆಂದೇ ಕೊಡಲಿ ಕಳೆದುಕೊಂಡು ಬೊಬ್ಬೆ ಹಾಕುತ್ತಾರೆ. ಮರ್ಕ್ಯೂರಿ ಪ್ರತಿಯೊಬ್ಬನಿಗೂ ಚಿನ್ನದ್ದನ್ನೇ ತೋರಿಸುತ್ತಾನೆ, ಪ್ರತಿಯೊಬ್ಬನೂ ಅದೇ ನನ್ನದು ಅನ್ನುತ್ತಾನೆ, ಪ್ರತಿಯೊಬ್ಬನ ತಲೆಗೂ ಒಂದು ಏಟು ಬೀಳುತ್ತದೆ.

ಇದನ್ನು ಹಾಗೆಯೇ ನನ್ನ ಕ್ಲಾಸಿಗೆ ತೆಗೆದುಕೊಂಡು ಹೋಗಲು ಆಗುವುದಿಲ್ಲ. ಅದು 350 ವರ್ಷ ಹಿಂದಿನ ಪದ್ಯ. ಅದರಲ್ಲಿ ಕೊಡಲಿಗೆ ಬಳಸಿದ ಶಬ್ದ 'ಕೊನ್ಯೆ' ಈಗ ಫ್ರಾನ್ಸಿನ ಮಕ್ಕಳಿಗೂ ಅಪರೂಪ. 'ಆಶ್' ಎಂದರೆ ಎಲ್ಲರಿಗೂ ಗೊತ್ತು. ಹಳೆಯ ಶಬ್ದ ಒಂದು ಗಾದೆಯಲ್ಲಿ ಉಳಿದುಕೊಂಡಿದೆ. ಎಲ್ಲ ಆಸೆ ಬಿಟ್ಟು ಕೈಚೆಲ್ಲುವವನನ್ನು ಕೊಡಲಿ ಹೋದ ಮೇಲೆ ಕಾವನ್ನೂ ಬಿಸಾಡಿದ ಅನ್ನುತ್ತಾರೆ. ನಮ್ಮಲ್ಲಿ ಗುಡ್ಡದಲ್ಲಿ ಕೆಲಸ ಮಾಡುವಾಗ ಕೊಡಲಿ ಕಾವಿನಿಂದ ಕಳಚಿ ಹಾರಿದ್ದನ್ನು ನೋಡಿದವರಿಗೆ ಈ ಮಾತಿಗೆ ವಿವರಣೆ ಬೇಡ.

ಇನ್ನು ಮರ್ಕ್ಯೂರಿ. ಅವನನ್ನು ಪರಿಚಯ ಮಾಡಲು ಹೊರಟರೆ ಐದು ವಾಕ್ಯ ಹೆಚ್ಚು ಬೇಕು, ಐದು ವಾಕ್ಯಕ್ಕೆ ಇಪ್ಪತ್ತು ಹೊಸ ಶಬ್ದ ಬೇಕು. ಸುಲಭದ ಕಥೆಯಲ್ಲಿ ಒಂದು ಪಾತ್ರ ಬಂದರೆ ಅದರ ಸಾಮಾನು ಸರಂಜಾಮು ಎಲ್ಲ ಬರುತ್ತದೆ. ಅದಕ್ಕೆ ನಾನು ದೇವತೆಯನ್ನು ತೆಗೆದು ಹೊಳೆಯನ್ನೇ ಮಾತಾಡಿಸಿದೆ. ಕೊಡಲಿ ಬೀಳುವುದು ಹೊಳೆಗೆ, ಕೇಳುವುದೂ ಹೊಳೆಯೇ.

ಹೊಳೆ ಎಂದ ಕೂಡಲೇ ಫ್ರೆಂಚಿನಲ್ಲಿ ಒಂದು ಪ್ರಶ್ನೆ ಬರುತ್ತದೆ, ಯಾವ ಹೊಳೆ? ಸಮುದ್ರ ಸೇರುವ ನದಿಗೆ 'ಫ್ಲವ್' ಎನ್ನುತ್ತಾರೆ. ಇನ್ನೊಂದು ನದಿಯನ್ನು ಸೇರುವ ನದಿಗೆ 'ರಿವ್ಯೆರ್'. ನಮ್ಮ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ, ಆದ್ದರಿಂದ ಅದು ರಿವ್ಯೆರ್. ನೇತ್ರಾವತಿ ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ, ಅದು ಫ್ಲವ್. ಸುಳ್ಯದ ಪಯಸ್ವಿನಿ ಕಾಸರಗೋಡಿನ ಕಡೆ ಹೋಗಿ ಚಂದ್ರಗಿರಿ ಎಂಬ ಹೆಸರಿನಲ್ಲಿ ಸಮುದ್ರ ಕಾಣುತ್ತದೆ, ಅದೂ ಫ್ಲವ್. ಬೆಂಗಳೂರಿನ ಮಕ್ಕಳಿಗೆ ಈ ವ್ಯತ್ಯಾಸ ಹೇಳಲು ನಾನು ನಕ್ಷೆ ಬಿಡಿಸಬೇಕಾಗುತ್ತದೆ. ನಿಮಗೆ ಬೇಡ, ಉಪ್ಪಿನಂಗಡಿಯ ಸಂಗಮದಲ್ಲಿ ಕಾಲು ಇಳಿಸಿದವರೇ ನೀವೆಲ್ಲ. ಕಥೆಯಲ್ಲಿ ನಾನು ರಿವ್ಯೆರ್ ಇಟ್ಟುಕೊಂಡೆ. ಅಂದರೆ ನನ್ನ ಮರಕಡಿಯುವವನ ಕೊಡಲಿ ಬಿದ್ದದ್ದು ಕುಮಾರಧಾರೆಯ ಯಾವುದೋ ಕಯಕ್ಕೆ ಎಂದು ನೀವು ಧೈರ್ಯವಾಗಿ ನಂಬಬಹುದು.

ಕಾಲದ ವಿಷಯವೂ ಒಂದುಂಟು. ಫ್ರೆಂಚ್ ಕಥೆಪುಸ್ತಕಗಳಲ್ಲಿ ಭೂತಕಾಲಕ್ಕೆ ಒಂದು ವಿಶೇಷ ರೂಪ ಇದೆ. ಅದನ್ನು ಬರೆಯುತ್ತಾರೆ, ಓದುತ್ತಾರೆ, ಆದರೆ ಮಾತಿನಲ್ಲಿ ಯಾರೂ ಬಳಸುವುದಿಲ್ಲ. ಹೊಸದಾಗಿ ಕಲಿಯುವ ಮಗುವಿಗೆ ಅದು ಬೇಡದ ಹೊರೆ. ನಾನು ಇಡೀ ಕಥೆಯನ್ನು ವರ್ತಮಾನದಲ್ಲಿ ಹೇಳುತ್ತೇನೆ. ಬೀಳುತ್ತದೆ, ಅಳುತ್ತಾನೆ, ತೋರಿಸುತ್ತದೆ. ಯಕ್ಷಗಾನದ ಅರ್ಥಧಾರಿ ಕಣ್ಣೆದುರೇ ನಡೆಯುವ ಹಾಗೆ ಹೇಳುತ್ತಾರಲ್ಲ, ಹಾಗೆ.

ಈಗ ಕಥೆ ಕೇಳಿ. ಫ್ರೆಂಚಿನ ಕಾಗುಣಿತ ಬೇರೆಯೇ ಉಂಟು, ಇಲ್ಲಿ ಉಚ್ಚಾರವನ್ನು ಮಾತ್ರ ನಮ್ಮ ಅಕ್ಷರದಲ್ಲಿ ಹಿಡಿದಿದ್ದೇನೆ.

ದಾಂ ಲಾ ಫೊರೆ, ಇಲ್ ಯಾ ಅಂನೊಮ್. (ಕಾಡಿನಲ್ಲಿ ಒಬ್ಬ ಮನುಷ್ಯ ಇದ್ದಾನೆ.)
ಇಲೆ ಪೋವ್ರ್. (ಅವನು ಬಡವ.)
ಇಲ್ ಕೂಪ್ ದ್ಯು ಬ್ವಾ. (ಅವನು ಕಟ್ಟಿಗೆ ಕಡಿಯುತ್ತಾನೆ.)
ಸಾ ಆಶ್ ತೊಂಬ್ ದಾಂ ಲಾ ರಿವ್ಯೆರ್. (ಅವನ ಕೊಡಲಿ ಹೊಳೆಗೆ ಬೀಳುತ್ತದೆ.)
ಲೊಮ್ ಪ್ಲರ್. (ಮನುಷ್ಯ ಅಳುತ್ತಾನೆ.)
ಲಾ ರಿವ್ಯೆರ್ ಮೊಂತ್ರ್ ಯುನ್ ಆಶ್ ಆಂನೊರ್. (ಹೊಳೆ ಒಂದು ಚಿನ್ನದ ಕೊಡಲಿ ತೋರಿಸುತ್ತದೆ.)
"ಸೆ ತಾ ಆಶ್?" (ಇದು ನಿನ್ನ ಕೊಡಲಿಯಾ?)
"ನೋಂ, ಸ ನೆ ಪಾ ಮಾ ಆಶ್." (ಅಲ್ಲ, ಇದು ನನ್ನ ಕೊಡಲಿ ಅಲ್ಲ.)
ಲಾ ರಿವ್ಯೆರ್ ಮೊಂತ್ರ್ ಯುನ್ ಆಶ್ ಆಂನಾರ್ಜ಼ಾಂ. (ಹೊಳೆ ಒಂದು ಬೆಳ್ಳಿಯ ಕೊಡಲಿ ತೋರಿಸುತ್ತದೆ.)
"ಸೆ ತಾ ಆಶ್?"
"ನೋಂ, ಸ ನೆ ಪಾ ಮಾ ಆಶ್."
ಲಾ ರಿವ್ಯೆರ್ ಮೊಂತ್ರ್ ಯುನ್ ಆಶ್ ಆಂ ಫೆರ್. (ಹೊಳೆ ಒಂದು ಕಬ್ಬಿಣದ ಕೊಡಲಿ ತೋರಿಸುತ್ತದೆ.)
"ಸೆ ತಾ ಆಶ್?"
"ವಿ, ಸೆ ಮಾ ಆಶ್!" (ಹೌದು, ಇದು ನನ್ನ ಕೊಡಲಿ!)

ಅರ್ಧ ಕಥೆ ಇದು. ಹದಿನಾಲ್ಕು ವಾಕ್ಯ, ಮೂವತ್ತು ಚಿಲ್ಲರೆ ಶಬ್ದ. ಒಂದೇ ಪ್ರಶ್ನೆ ಮೂರು ಸಲ, ಒಂದೇ ಉತ್ತರ ಎರಡು ಸಲ. ದೊಡ್ಡವರಿಗೆ ಬೇಸರವಾದೀತು, ಮಕ್ಕಳಿಗೆ ಇಲ್ಲ. ಮೂರನೆಯ ಸಲಕ್ಕೆ ನಾನು ಕೇಳುವ ಮೊದಲೇ ಅವರು ಉತ್ತರ ಕೂಗುತ್ತಾರೆ.

ಈ ಕಥೆಯಲ್ಲಿ ಎಲ್ಲರೂ ಎಡವುವ ಕಲ್ಲು ಒಂದುಂಟು, ಅದು 'ಆಶ್' ಎಂಬ ಶಬ್ದವೇ. ಅದನ್ನು ಬರೆಯುವಾಗ ಮೊದಲು 'ಹ' ಬರುತ್ತದೆ, ಓದುವಾಗ ಆ 'ಹ' ಕೇಳುವುದಿಲ್ಲ. 'ಒಮ್', ಅಂದರೆ ಮನುಷ್ಯ, ಆ ಶಬ್ದವೂ ಹಾಗೆಯೇ. ಬರೆಯುವಾಗ 'ಹ' ಇದೆ, ಬಾಯಲ್ಲಿ ಇಲ್ಲ. ಕಿವಿಗೆ ಎರಡೂ ಸ್ವರದಿಂದ ಶುರುವಾಗುವ ಶಬ್ದಗಳು. ಆದರೆ ಹಿಂದಿನ ಶಬ್ದದ ಜೊತೆ ಇವು ನಡೆದುಕೊಳ್ಳುವ ರೀತಿ ಬೇರೆ. 'ಒಮ್' ಶಬ್ದಕ್ಕೆ ಸಂಧಿ ಆಗುತ್ತದೆ, ಹಿಂದಿನ ಶಬ್ದದ ಸ್ವರ ಲೋಪವಾಗಿ 'ಲೊಮ್' ಎಂದು ಒಂದಾಗಿ ಬರುತ್ತದೆ. ನಮ್ಮಲ್ಲಿ 'ಊರು' ಮತ್ತು 'ಅಲ್ಲಿ' ಸೇರಿ 'ಊರಲ್ಲಿ' ಆಗುವ ಹಾಗೆ. 'ಆಶ್' ಮಾತ್ರ ಸಂಧಿಗೆ ಒಪ್ಪುವುದಿಲ್ಲ. 'ಲಾ ಆಶ್' ಎಂದು ನಡುವೆ ಬಾಗಿಲು ತೆರೆದೇ ಇರಬೇಕು. ಇಲ್ಲಿ 'ಹ' ಬಾಯಿಗೆ ಬರುವುದಿಲ್ಲ, ಆದರೆ ಕಾವಲುಗಾರನ ಹಾಗೆ ಅಡ್ಡ ನಿಂತಿದೆ.

ಇದರಿಂದ ಒಂದು ತಪ್ಪು ಹುಟ್ಟುತ್ತದೆ. ಸ್ತ್ರೀಲಿಂಗದ ಶಬ್ದಕ್ಕೆ 'ನನ್ನ' ಅನ್ನಲು 'ಮಾ' ಬಳಸಬೇಕು. ಆದರೆ ಆ ಶಬ್ದ ಸ್ವರದಿಂದ ಶುರುವಾದರೆ 'ಮಾ' ಹೋಗಿ 'ಮೊಂ' ಬರುತ್ತದೆ. ಶಾಲೆ ಸ್ತ್ರೀಲಿಂಗ, ಆದರೂ 'ನನ್ನ ಶಾಲೆ' ಎಂದರೆ 'ಮೊಂನೆಕೊಲ್'. ಮಕ್ಕಳು ಮೊದಲ ವಾರದಲ್ಲೇ ಇದನ್ನು ಕಲಿತಿರುತ್ತಾರೆ. ಕೊಡಲಿಗೆ ಬಂದಾಗ ಚುರುಕಿನ ಹುಡುಗ 'ಮೊಂನಾಶ್' ಅನ್ನುತ್ತಾನೆ. ನಿಯಮ ಗೊತ್ತಿದ್ದವನೇ ಇಲ್ಲಿ ತಪ್ಪುತ್ತಾನೆ, ಗೊತ್ತಿಲ್ಲದವನು ಸರಿಯಾಗಿ 'ಮಾ ಆಶ್' ಅಂದುಬಿಡುತ್ತಾನೆ. ಯಾವ 'ಹ' ಕಾವಲು ನಿಲ್ಲುತ್ತದೆ, ಯಾವುದು ದಾರಿ ಬಿಡುತ್ತದೆ ಎಂದು ಕೇಳಿ ತಿಳಿಯಲು ಆಗುವುದಿಲ್ಲ, ನಿಘಂಟಿನಲ್ಲಿ ಗುರುತು ಹಾಕಿರುತ್ತಾರೆ. ಶಬ್ದವನ್ನು ಒಂಟಿಯಾಗಿ ಬಾಯಿಪಾಠ ಮಾಡಿಸದೆ ಯಾವಾಗಲೂ 'ಲಾ ಆಶ್' ಎಂದು ಜೋಡಿಯಾಗಿ ಹೇಳಿಸುವುದೊಂದೇ ದಾರಿ. ಲಿಂಗವೂ ಅದರ ಜೊತೆಗೇ ಬರುತ್ತದೆ.

ಇನ್ನೊಂದು ತಮಾಷೆ. ಬೆಳ್ಳಿಗೆ 'ಆರ್ಜ಼ಾಂ' ಎಂದೆನಲ್ಲ, ದುಡ್ಡಿಗೂ ಅದೇ ಶಬ್ದ. ಅಂಗಡಿ ಪಾಠದಲ್ಲಿ ದುಡ್ಡು ಎಂದು ಕಲಿತ ಮಗು ಇಲ್ಲಿ "ದುಡ್ಡಿನ ಕೊಡಲಿಯಾ ಟೀಚರ್?" ಎಂದು ಕೇಳುತ್ತದೆ. ನಮ್ಮ 'ರೂಪಾಯಿ'ಯ ಒಳಗೂ ಬೆಳ್ಳಿ ಎಂಬ ಅರ್ಥದ ಸಂಸ್ಕೃತ ಶಬ್ದ ಕೂತಿದೆ ಎಂದು ಹೇಳಿದರೆ ಸಮಾಧಾನ. 'ಆಂ ಫೆರ್', ಕಬ್ಬಿಣದ್ದು, ಇದನ್ನು ಒಟ್ಟಿಗೆ ಹೇಳಿದರೆ ನರಕ ಎಂಬ ಶಬ್ದದ ಉಚ್ಚಾರವೂ ಅದೇ. ಚಿನ್ನ, ದುಡ್ಡು, ನರಕ. ಇದನ್ನು ಮಕ್ಕಳಿಗೆ ನಾನು ಹೇಳುವುದಿಲ್ಲ, ಹೇಳಿದರೆ ಆ ದಿನ ಮುಂದೆ ಪಾಠ ಆಗುವುದಿಲ್ಲ.

ಉಚ್ಚಾರದ ಬಗ್ಗೆ ನಮ್ಮ ಊರಿನ ಮಕ್ಕಳಿಗೆ ಒಂದು ಮಾತು. ಕನ್ನಡದ ಸೊನ್ನೆಯನ್ನು ನಾವು 'ಮ್' ಅಥವಾ 'ನ್' ಎಂದು ಮುಚ್ಚಿಬಿಡುತ್ತೇವೆ. ಫ್ರೆಂಚಿನ 'ದಾಂ' ಹಾಗಲ್ಲ. ತುಟಿ ಮುಚ್ಚಬಾರದು, ನಾಲಿಗೆ ಮೇಲೆ ತಾಗಬಾರದು, ಸ್ವರ ಮೂಗಿನಿಂದ ಹೋಗಬೇಕು. ಮನೆಯಲ್ಲಿ ಕೊಂಕಣಿ ಮಾತಾಡುವವರಿಗೆ ಇದು ಹುಟ್ಟಿನಿಂದಲೇ ಬರುತ್ತದೆ. ತುಳುವರಿಗೆ ಬೇರೆ ಒಂದು ಅನುಕೂಲ ಉಂಟು. 'ಯಾನ್ ಬರ್ಪೆ' ಎನ್ನುವಾಗ ಮತ್ತು 'ಆಯೆ ಬರ್ಪೆ' ಎನ್ನುವಾಗ ಕೊನೆಯ 'ಎ' ಒಂದೇ ಅಲ್ಲ. ನಾನು ಬರುತ್ತೇನೆ ಎಂಬಲ್ಲಿ ಬಾಯಿ ಹೆಚ್ಚು ತೆರೆಯುತ್ತದೆ, ಅವನು ಬರುತ್ತಾನೆ ಎಂಬಲ್ಲಿ ಕಡಿಮೆ. ಕನ್ನಡ ಅಕ್ಷರದಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತೇವೆ, ಕಿವಿ ಮಾತ್ರ ಬೇರೆ ಮಾಡುತ್ತದೆ. ಫ್ರೆಂಚಿನಲ್ಲಿಯೂ ಇಂಥ ಎರಡು 'ಎ' ಉಂಟು. ಬೇರೆ ಊರಿನ ಮಕ್ಕಳು ಇದನ್ನು ಕಲಿಯಲು ತಿಂಗಳು ತೆಗೆದುಕೊಂಡಾರು. ತುಳು ಮಾತಾಡಿದರೆ ಕ್ಲಾಸಿನಲ್ಲಿ ದಂಡ ಹಾಕುವ ಶಾಲೆಗಳನ್ನು ನಾನು ನೋಡಿದ್ದೇನೆ. ಅವರು ಬಾಗಿಲಿನಲ್ಲಿ ಏನನ್ನು ತಡೆದು ನಿಲ್ಲಿಸುತ್ತಿದ್ದಾರೆ ಎಂದು ಅವರಿಗೆ ಗೊತ್ತಿಲ್ಲ.

ಈಗ ಕಥೆಯ ಹೊಟ್ಟೆಗೆ ಬರುತ್ತೇನೆ. ಪ್ರಾಮಾಣಿಕತೆ ಇರುವುದು ಯಾವ ವಾಕ್ಯದಲ್ಲಿ? "ಸ ನೆ ಪಾ ಮಾ ಆಶ್." ಇದು ನನ್ನ ಕೊಡಲಿ ಅಲ್ಲ. ಇದರಲ್ಲಿ 'ಪಾ' ಎಂಬ ಸಣ್ಣ ಶಬ್ದ ತೆಗೆದರೆ ವಾಕ್ಯವೇ ಉಳಿಯುವುದಿಲ್ಲ. ಕನ್ನಡದಲ್ಲಿ ನಮಗೆ 'ಅಲ್ಲ' ಮತ್ತು 'ಇಲ್ಲ' ಎರಡುಂಟು. ತುಳುವಿನಲ್ಲಿ 'ಅತ್ತ್', 'ಇಜ್ಜಿ'. ಫ್ರೆಂಚಿನಲ್ಲಿ ಎರಡಕ್ಕೂ 'ಪಾ' ಒಂದೇ. ಹಾಗಾಗಿ ಮಕ್ಕಳು ಕನ್ನಡಕ್ಕೆ ತಿರುಗಿಸಿ ಹೇಳುವಾಗ ಕೆಲವರು "ನನ್ನ ಹತ್ತಿರ ಕೊಡಲಿ ಇಲ್ಲ" ಅನ್ನುತ್ತಾರೆ. ಬಡವ ಹೇಳಿದ್ದು ಅದಲ್ಲ. ನನ್ನ ಹತ್ತಿರ ಇಲ್ಲ ಅನ್ನುವುದು ಬಡತನ. ಇದು ನನ್ನದಲ್ಲ ಅನ್ನುವುದು ಬೇರೆ ವಿಷಯ. ಅವನಿಗೆ ಆಗ ಎರಡೂ ನಿಜ, ಆದರೆ ಅವನು ಆರಿಸಿದ್ದು ಎರಡನೆಯದನ್ನು.

ನಮ್ಮ ಕಥೆಗಳನ್ನು ಇದರ ಪಕ್ಕ ಇಟ್ಟು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಪುಣ್ಯಕೋಟಿಯಾಗಲಿ ಹರಿಶ್ಚಂದ್ರನಾಗಲಿ, ನಮ್ಮಲ್ಲಿ ಸತ್ಯ ಎಂದರೆ ಕೊಟ್ಟ ಮಾತು. ನಾಳೆ ಬರುತ್ತೇನೆ ಎಂದವಳು ಬಂದಳು. ಕೊಡಲಿಯವನು ಯಾರಿಗೂ ಮಾತು ಕೊಟ್ಟಿಲ್ಲ. ಅವನು ಪ್ರಾಣ ಕೊಡಬೇಕಾಗಿಯೂ ಇಲ್ಲ. ಯಾರೂ ನೋಡದ ಕಾಡಿನಲ್ಲಿ, ಕೈಗೆ ಬರುವ ಬಂಗಾರವನ್ನು ನನ್ನದಲ್ಲ ಎಂದರೆ ಸಾಕು. ಪುಣ್ಯಕೋಟಿಯ ಸತ್ಯ ದೊಡ್ಡದು, ಆದರೆ ನಮಗೆ ದಿನಾ ಎದುರಾಗುವುದು ಕೊಡಲಿಯವನ ಸತ್ಯ. ಅಂಗಡಿಯವನು ಹತ್ತು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟಾಗ ಎದುರಾಗುವುದು ಅದೇ.

ಕಥೆಯ ಎರಡನೆಯ ಅರ್ಧ ಸಣ್ಣದು.

ಅಂ ವ್ವಾಜ಼ೆಂ ಆಂತಾಂ ಲಿಸ್ತ್ವಾರ್. (ನೆರೆಯವನೊಬ್ಬ ಕಥೆ ಕೇಳುತ್ತಾನೆ.)
ಇಲ್ ಜ಼ೆತ್ ಸಾ ಆಶ್ ದಾಂ ಲಾ ರಿವ್ಯೆರ್. (ಅವನು ತನ್ನ ಕೊಡಲಿಯನ್ನು ಹೊಳೆಗೆ ಬಿಸಾಡುತ್ತಾನೆ.)
ಲಾ ರಿವ್ಯೆರ್ ಮೊಂತ್ರ್ ಯುನ್ ಆಶ್ ಆಂನೊರ್.
"ಸೆ ತಾ ಆಶ್?"
"ವಿ, ಸೆ ಮಾ ಆಶ್!"
ಲಾ ರಿವ್ಯೆರ್ ಗಾರ್ದ್ ತೂ. (ಹೊಳೆ ಎಲ್ಲವನ್ನೂ ಇಟ್ಟುಕೊಳ್ಳುತ್ತದೆ.)

ಮೊದಲನೆಯವನ ಕೊಡಲಿ 'ತೊಂಬ್', ಬಿತ್ತು. ಎರಡನೆಯವನು 'ಜ಼ೆತ್', ಬಿಸಾಡಿದ. ಮೋಸ ಶುರುವಾದದ್ದು ಅಲ್ಲಿ, ಬಾಯಿ ತೆರೆಯುವ ಮೊದಲೇ. ಇನ್ನು ಬಾಯಿಯ ಮಾತು ನೋಡಿ. "ವಿ, ಸೆ ಮಾ ಆಶ್." ಒಳ್ಳೆಯವನು ಕೊನೆಗೆ ಹೇಳಿದ್ದೂ ಇದೇ ವಾಕ್ಯ, ಸುಳ್ಳ ಹೇಳಿದ್ದೂ ಇದೇ ವಾಕ್ಯ. ಒಂದು ಅಕ್ಷರದ ವ್ಯತ್ಯಾಸ ಇಲ್ಲ. ವ್ಯಾಕರಣಕ್ಕೆ ಸತ್ಯವೂ ಸುಳ್ಳೂ ಒಂದೇ. ನಾನು ಇದನ್ನು ಬೇಕೆಂದೇ ಹಾಗೆ ಇಟ್ಟದ್ದು. ಇಬ್ಬರು ಮಕ್ಕಳಿಂದ ಒಂದೇ ವಾಕ್ಯ ಓದಿಸಿ, ಯಾರು ಸುಳ್ಳು ಹೇಳಿದರು ಎಂದು ಉಳಿದವರನ್ನು ಕೇಳುತ್ತೇನೆ. ಧ್ವನಿಯಿಂದ ಹೇಳಲು ನೋಡುತ್ತಾರೆ, ಆಗುವುದಿಲ್ಲ. ಹೊಳೆಗೆ ಬಿದ್ದದ್ದು ಯಾವುದು ಎಂದು ಗೊತ್ತಿದ್ದವರಿಗೆ ಮಾತ್ರ ಗೊತ್ತು.

ಒಮ್ಮೆ ಏಳನೇ ಕ್ಲಾಸಿನ ಹುಡುಗನೊಬ್ಬ ಕೈ ಎತ್ತಿದ. "ಟೀಚರ್, ನೆರೆಯವನು ದಡ್ಡ. ಕಥೆ ಕೇಳಿದ್ದನಲ್ಲ, ಕಬ್ಬಿಣದ್ದು ನನ್ನದು ಅಂದಿದ್ದರೆ ಮೂರೂ ಸಿಗುತ್ತಿತ್ತು." ಕ್ಲಾಸೆಲ್ಲ ಹೌದು ಹೌದು ಅಂತು. ಅವನು ಹೇಳಿದ್ದು ಸರಿಯೇ. ಹಳೆಯ ಕಥೆಯಲ್ಲಿ ಇರುವ ತೂತು ಇದು. ನಿಜ ಹೇಳಿದರೆ ಬಂಗಾರ ಸಿಗುತ್ತದೆ ಎಂದಾದ ಮೇಲೆ, ನಿಜ ಹೇಳುವುದೂ ಒಂದು ವ್ಯಾಪಾರ.

ಆ ಹುಡುಗನಿಗಿಂತ ಬಹಳ ಹಿಂದೆ ಫ್ರೆಂಚಿನವನೇ ಒಬ್ಬ ಇದೇ ಜಾತಿಯ ಜಗಳ ತೆಗೆದಿದ್ದ. ರೂಸೋ 1762ರಲ್ಲಿ ಮಕ್ಕಳ ಶಿಕ್ಷಣದ ಬಗ್ಗೆ 'ಎಮಿಲ್' ಎಂಬ ಪುಸ್ತಕ ಬರೆದ. ಅದರಲ್ಲಿ ಲಾ ಫೊಂತೇನನ ಕಾಗೆ ಮತ್ತು ನರಿಯ ಕಥೆಯನ್ನು ಸಾಲು ಸಾಲಾಗಿ ಬಿಡಿಸಿ, ಇದನ್ನು ಮಕ್ಕಳಿಗೆ ಕಲಿಸಬೇಡಿ ಎಂದ. ಅವನ ವಾದ ಸರಳ. ನೀವು ಕಾಗೆಯ ಹಾಗೆ ಮೋಸ ಹೋಗಬೇಡ ಎಂದು ಹೇಳಹೊರಟಿರಿ, ಮಗು ನರಿಯ ಪಕ್ಷ ಸೇರಿತು. ಕಥೆಯಲ್ಲಿ ಯಾರು ಗೆಲ್ಲುತ್ತಾರೋ ಮಗು ಅವರ ಕಡೆ. ಲಾ ಫೊಂತೇನ್ ತನ್ನ ಮುನ್ನುಡಿಯಲ್ಲಿ ಕಥೆ ದೇಹ, ನೀತಿ ಆತ್ಮ ಎಂಬ ಅರ್ಥದ ಮಾತು ಹೇಳಿದ್ದ. ಮಗು ದೇಹವನ್ನು ಹಿಡಿದುಕೊಂಡು ಆತ್ಮವನ್ನು ಬಿಟ್ಟುಬಿಡುತ್ತದೆ ಎಂಬುದು ರೂಸೋನ ದೂರು. ಕೊಡಲಿಯ ಕಥೆಯಲ್ಲಿ ಆ ದೇಹ ಬಂಗಾರದ್ದು, ಕೇಳಬೇಕೇ?

ರೂಸೋ ಹೇಳಿದಷ್ಟು ದೂರ ನಾನು ಹೋಗುವುದಿಲ್ಲ. ಕಥೆ ಬಿಟ್ಟು ಮಕ್ಕಳಿಗೆ ಭಾಷೆ ಕಲಿಸಲು ನನಗೆ ಬಾರದು. ಆದರೆ ನನ್ನ ಕಥೆಯ ಮೊದಲ ಅರ್ಧಕ್ಕೆ ನಾನು ಕೊನೆ ಬರೆಯುವುದನ್ನು ಬಿಟ್ಟಿದ್ದೇನೆ. ನೀವು ಗಮನಿಸಿರಬಹುದು, ಹೊಳೆ ಆಮೇಲೆ ಏನು ಕೊಟ್ಟಿತು ಎಂದು ಅಲ್ಲಿ ಇಲ್ಲ. ಮಕ್ಕಳಿಗೆ ಹೇಳುತ್ತೇನೆ, ಕೊನೆಯ ಎರಡು ವಾಕ್ಯ ನೀವು ಬರೆಯಿರಿ, ಆದರೆ ಕಥೆಯಲ್ಲಿ ಆಗಲೇ ಬಂದ ಶಬ್ದಗಳಿಂದಲೇ ಬರೆಯಬೇಕು. 'ಕೊಡುತ್ತದೆ' ಎಂಬುದಕ್ಕೆ 'ದೊನ್' ಮತ್ತು ಮೂರು ಎಂಬುದಕ್ಕೆ 'ತ್ರ್ವಾ', ಈ ಎರಡು ಹೊಸ ಶಬ್ದ ಮಾತ್ರ ಕೊಡುತ್ತೇನೆ. ಅರ್ಧಕ್ಕರ್ಧ ಮಕ್ಕಳು ಮೂರೂ ಕೊಡಲಿ ಕೊಡಿಸುತ್ತಾರೆ. ಕೆಲವರು ಕಬ್ಬಿಣದ್ದನ್ನು ಮಾತ್ರ ಕೊಡಿಸಿ, "ಇಲ್ ಕೂಪ್ ದ್ಯು ಬ್ವಾ" ಎಂದು ಮುಗಿಸುತ್ತಾರೆ, ಅವನು ಕಟ್ಟಿಗೆ ಕಡಿಯುತ್ತಾನೆ. ನನಗೆ ಮೊದಲಿಂದ ಇಷ್ಟವಾದ ಕೊನೆ ಇದೇ. ಅವನಿಗೆ ಬೇಕಾದದ್ದು ಅದೇ ಅಲ್ಲವೇ?

ಹೋದ ವರ್ಷ ಒಬ್ಬಳು ಹುಡುಗಿ ಬೇರೆ ಬರೆದಳು. ಅವಳ ಹೊಳೆ ಮೂರು ಕೊಡಲಿಯನ್ನೂ ಕೊಡಲು ಬರುತ್ತದೆ. ಮರಕಡಿಯುವವನು ಚಿನ್ನದ್ದನ್ನು ನೋಡಿ, ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತಾನೆ. "ನೋಂ, ಸ ನೆ ಪಾ ಮಾ ಆಶ್." ಬಹುಮಾನ ಎಂದು ಕೊಟ್ಟರೂ ಅದು ಅವನ ಕೊಡಲಿ ಅಲ್ಲವಲ್ಲ! ಹೊಸ ಶಬ್ದ ಒಂದೂ ಬಳಸದೆ ಬರೆದಿದ್ದಳು. ಏಳನೇ ಕ್ಲಾಸಿನ ಆ ಹುಡುಗನ ತೂತು ಅದರಿಂದ ಮುಚ್ಚಿತೋ ಇಲ್ಲವೋ ಎಂದು ಕ್ಲಾಸಿನಲ್ಲಿ ಈಗಲೂ ಚರ್ಚೆ ನಡೆಯುತ್ತಿದೆ. ಬಹುಮಾನವನ್ನು ಬೇಡ ಅನ್ನುವುದು ಪ್ರಾಮಾಣಿಕತೆಯಾ, ಅಹಂಕಾರವಾ ಎಂದು ಅವಳ ಪಕ್ಕದವಳು ಕೇಳಿದಳು. ಬಡವನ ಮನೆಯಲ್ಲಿ ಮಕ್ಕಳು ಉಂಟಲ್ಲ, ಅವರ ಹಸಿವಿಗೆ ಅವನು ಏನು ಉತ್ತರ ಕೊಡುತ್ತಾನೆ ಎಂದು ಇನ್ನೊಬ್ಬ. ಈ ಪ್ರಶ್ನೆಗಳನ್ನು ಕೇಳಲು ಅವರಿಗೆ ಫ್ರೆಂಚ್ ಸಾಲುವುದಿಲ್ಲ, ಕನ್ನಡದಲ್ಲೇ ಕೇಳುತ್ತಾರೆ, ನಾನು ಬಿಡುತ್ತೇನೆ.

ಈ ಕಥೆಯ ಹಾಳೆಗಳನ್ನು ಐವತ್ತು ಪ್ರತಿ ಮಾಡಿ ತಂದಿದ್ದೇನೆ, ಶಾಲೆಯ ಲೈಬ್ರರಿಯಲ್ಲಿ ಇರಲಿ. ಒಂದು ಕಡೆ ಫ್ರೆಂಚ್ ಅಕ್ಷರ, ಇನ್ನೊಂದು ಕಡೆ ನಾನು ಈಗ ಓದಿದ ಕನ್ನಡ ಅಕ್ಷರದ ಉಚ್ಚಾರ, ಕೆಳಗೆ ಎರಡು ಸಾಲು ಖಾಲಿ. ಈಗ ಚಾಪೆಯಿಂದ ಮೂವರು ಮಕ್ಕಳು ಮೇಲೆ ಬನ್ನಿ. ಒಬ್ಬರು ಹೊಳೆ, ಒಬ್ಬರು ಮರಕಡಿಯುವವ, ಒಬ್ಬರು ನೆರೆಯವ. ತುಳು ಬರುವವರು ಮೊದಲು ಬನ್ನಿ, ಮೈಕ್ ಇಲ್ಲಿದೆ.